ಕೊಟ್ಟರೆ, ಬಂದರೆ

ನಮ್ಮಪ್ಪನದು ಪೀಣ್ಯದಲ್ಲಿ ಒಂದು ಸಣ್ಣ ಮಷೀನ್ ಶಾಪ್. ಎರಡು ಸಿಎನ್‌ಸಿ, ಮೂರು ಹಳೇ ಲೇತ್, ಒಂದು ಡ್ರಿಲ್ಲಿಂಗ್ ಮಷೀನ್, ಹನ್ನೊಂದು ಜನ ಕೆಲಸದವರು. ಪಂಪು, ವಾಲ್ವು, ಗೇರ್‌ಬಾಕ್ಸ್ ಮಾಡುವ ಕಂಪನಿಗಳಿಗೆ ಬುಷ್, ಪಿನ್, ಸ್ಪೇಸರ್ ಮಾಡಿಕೊಡ್ತೀವಿ. ನಾನು ಚಿಕ್ಕವನಿದ್ದಾಗ ಅಲ್ಲಿನ ಕಟಿಂಗ್ ಆಯಿಲ್ ವಾಸನೆಯೇ ಅಪ್ಪನ ವಾಸನೆ ಅಂದುಕೊಂಡಿದ್ದೆ. ಅಂಗಡಿಯ ಲೆಕ್ಕದ ಕಡೆ ಮಾತ್ರ ನಾನು ಯಾವತ್ತೂ ತಲೆ ಹಾಕಿರಲಿಲ್ಲ. ತಲೆ ಹಾಕಿದ್ದು 2025ರ ಜನವರಿ 7ರಂದು.

7ನೇ ತಾರೀಕು ಸಂಬಳದ ದಿನ. ಅವತ್ತು ಸಂಜೆ ಅಪ್ಪ ಮನೆಗೆ ಬಂದು ಊಟಾನೂ ಮಾಡದೆ ಟ್ಯಾಲಿಯ ಪ್ರಿಂಟ್‌ಔಟ್ ಒಂದನ್ನು ಹಿಡಿದುಕೊಂಡು ಕೂತಿದ್ರು. ಮೇಲೆ ಹೆಸರುಗಳು, ಕೆಳಗೆ ಒಟ್ಟು: ಪಾರ್ಟಿಗಳಿಂದ ಬರಬೇಕಾದ್ದು 42 ಲಕ್ಷ. ಬ್ಯಾಂಕಿನ ಓಡಿ ಲಿಮಿಟ್ 15 ಲಕ್ಷ, ಅದರಲ್ಲಿ ತೆಗೆಯೋಕೆ ಉಳಿದಿದ್ದು 38 ಸಾವಿರ. ಸಂಬಳಕ್ಕೆ ಬೇಕಾಗಿದ್ದು ಎರಡು ಲಕ್ಷದ ಮೇಲೆ. ನಾನು, "ಅಪ್ಪಾ, 42 ಲಕ್ಷ ಇರೋರಿಗೆ ಎರಡು ಲಕ್ಷ ಇಲ್ವಾ?" ಅಂತ ಕೇಳಿದೆ. ಅವರು ನಗಲಿಲ್ಲ. ಮಾರನೇ ದಿನ ಪರಿಚಯದವರೊಬ್ಬರಿಂದ ಕೈಸಾಲ ತಂದು ಸಂಬಳ ಕೊಟ್ರು. ಎರಡು ರೂಪಾಯಿ ಬಡ್ಡಿ. ಗೊತ್ತಿಲ್ಲದವರಿಗೆ ಹೇಳ್ತೀನಿ, ನನಗೂ ಗೊತ್ತಿರಲಿಲ್ಲ: ಎರಡು ರೂಪಾಯಿ ಬಡ್ಡಿ ಅಂದ್ರೆ ನೂರಕ್ಕೆ ತಿಂಗಳಿಗೆ ಎರಡು, ವರ್ಷಕ್ಕೆ ಇಪ್ಪತ್ತನಾಲ್ಕು. ಬ್ಯಾಂಕಿನ ಓಡಿ ವರ್ಷಕ್ಕೆ 11.

ದುಡ್ಡು ಎಲ್ಲಿ ಸಿಕ್ಕಿಕೊಂಡಿದೆ ಅಂತ ನೋಡೋದು ಕಷ್ಟ ಆಗಲಿಲ್ಲ. ತಿಂಗಳಿಗೆ ಜಿಎಸ್‌ಟಿ ಬಿಟ್ಟು ಸುಮಾರು 16 ಲಕ್ಷದ ಬಿಲ್ ಆಗುತ್ತೆ. ಅದರಲ್ಲಿ 6 ಲಕ್ಷ ಒಂದೇ ದೊಡ್ಡ ಕಂಪನಿಯದು, ಅವರು 90 ದಿನಕ್ಕೆ ಕೊಡ್ತಾರೆ. 7 ಲಕ್ಷ ಐದು ಮಧ್ಯಮ ಪಾರ್ಟಿಗಳದು, ಹೆಚ್ಚುಕಡಿಮೆ 70 ದಿನ. ಇನ್ನು 2 ಲಕ್ಷ ಒಬ್ಬ ಹಳೇ ಗಿರಾಕಿಯದು. ಬೋರ್‌ವೆಲ್ ಪಂಪ್ ಮಾಡ್ತಾರೆ, ನಾನು ಚಿಕ್ಕಂದಿನಿಂದ ಪಂಪ್ ಅಂಕಲ್ ಅಂತಲೇ ಕರೆಯೋದು. ಅವರು 20 ದಿನಕ್ಕೆ ಕೊಟ್ಟುಬಿಡ್ತಾರೆ. ಕೊನೆಯ 1 ಲಕ್ಷ ಒಬ್ಬ ಚಿಕ್ಕ ಪಾರ್ಟಿಯದು, 12 ದಿನ. ಬಿಲ್ಲಿನಲ್ಲಿ ಎಲ್ಲರಿಗೂ ಒಂದೇ ಬರೆದಿದೆ: 45 ದಿನ. ನಮ್ಮಂಥ ನೋಂದಾಯಿತ ಸಣ್ಣ ಘಟಕಗಳಿಗೆ 45 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ಬಡ್ಡಿ ಕೊಡಬೇಕು ಅಂತ 2006ರ ಕಾನೂನೇ ಇದೆ. "ಕೇಸ್ ಹಾಕಬಹುದು. ಆಮೇಲೆ ಮುಂದಿನ ಆರ್ಡರ್ ನಿನ್ನ ಕಾನೂನು ಕೊಡುತ್ತಾ?" ಅಂದ್ರು ಅಪ್ಪ. ಆ ಮಾತು ಅಲ್ಲಿಗೆ ಮುಗೀತು.

ಇದರ ಮಧ್ಯೆ ಬಾರ್ ಸ್ಟಾಕ್ ಕೊಡುವ ಸ್ಟೀಲ್ ಅಂಗಡಿಯವರು 15 ದಿನಕ್ಕಿಂತ ಹೆಚ್ಚು ಕಾಯಲ್ಲ. ಜಿಎಸ್‌ಟಿಯನ್ನಂತೂ ಗಿರಾಕಿ ನಮಗೆ ಕೊಡಲಿ ಬಿಡಲಿ, ಮುಂದಿನ ತಿಂಗಳ 20ಕ್ಕೆ ನಾವು ಕಟ್ಟಲೇಬೇಕು. ಅಂದ್ರೆ ಬರದೇ ಇರೋ ದುಡ್ಡಿನ ತೆರಿಗೇನೂ ನಮ್ಮ ಕೈಯಿಂದಲೇ.

ಯೂಟ್ಯೂಬ್‌ನಲ್ಲಿ ಯಾರದೋ ಅಕೌಂಟ್ಸ್ ಪಾಠ ನೋಡಿ ನಾನು ಒಂದು ಐಡಿಯಾ ತಂದೆ. ಬೇಗ ಕೊಟ್ಟವರಿಗೆ ಡಿಸ್ಕೌಂಟ್ ಕೊಡೋಣ. ಬಿಲ್ ಆಗಿ 15 ದಿನದೊಳಗೆ ಕೊಟ್ಟರೆ 2 ಪರ್ಸೆಂಟ್ ಕಡಿಮೆ. ಇಲ್ಲದಿದ್ದರೆ 45 ದಿನಕ್ಕೆ ಪೂರ್ತಿ.

ಅಪ್ಪ ಮೊದಲು ಬೇಡವೇ ಬೇಡ ಅಂದ್ರು. ನೂರು ರೂಪಾಯಿ ಬಿಲ್ಲಿನಲ್ಲಿ ನಮಗೆ ಉಳಿಯೋದೇ ಎಂಟು. ಅದರಲ್ಲಿ ಎರಡು ಕೊಟ್ಟರೆ ಕಾಲು ಭಾಗ ಲಾಭ ಹೋಯ್ತು. ಇದಕ್ಕೆ ನನ್ನ ಹತ್ತಿರ ಪಾಠದ ಉತ್ತರವೂ ಇರಲಿಲ್ಲ, ಯಾಕಂದ್ರೆ ಪಾಠದ ಲೆಕ್ಕ ಇನ್ನೂ ಕೆಟ್ಟದಾಗಿತ್ತು. 98 ರೂಪಾಯಿಯನ್ನು 30 ದಿನ ಮೊದಲೇ ಪಡೆಯೋಕೆ, ಅಂದ್ರೆ 45ನೇ ದಿನದ ಬದಲು 15ನೇ ದಿನ ಪಡೆಯೋಕೆ, 2 ರೂಪಾಯಿ ಬಿಡ್ತಿದ್ದೀವಿ. ಅದು ತಿಂಗಳಿಗೆ ಎರಡು ರೂಪಾಯಿ ನಾಲ್ಕು ಪೈಸೆ ಬಡ್ಡಿ. ವರ್ಷಕ್ಕೆ 25 ಪರ್ಸೆಂಟ್ ಹತ್ತಿರ. ಕೈಸಾಲಕ್ಕಿಂತ ದುಬಾರಿ.

ರಾತ್ರಿ ಮಲಗಿದಾಗ ಹೊಳೀತು: ಯಾರೂ 45 ದಿನಕ್ಕೆ ಕೊಡ್ತಾನೇ ಇಲ್ವಲ್ಲ! ಬಿಲ್ಲಿನಲ್ಲಿ ಬರೆದಿರೋ ದಿನ ಬೇರೆ, ದುಡ್ಡು ಬರೋ ದಿನ ಬೇರೆ. ಮಧ್ಯಮ ಪಾರ್ಟಿಗಳು ಕೊಡೋದು 70ಕ್ಕೆ. ಅವರು 15ಕ್ಕೆ ಕೊಟ್ಟರೆ ನಮಗೆ 30 ದಿನ ಅಲ್ಲ, 55 ದಿನ ಮೊದಲು ಸಿಗುತ್ತೆ. ಅದೇ 2 ರೂಪಾಯಿಯನ್ನು 55 ದಿನಕ್ಕೆ ಹಂಚಿದರೆ ತಿಂಗಳಿಗೆ ಒಂದು ರೂಪಾಯಿ ಹನ್ನೊಂದು ಪೈಸೆ. ವರ್ಷಕ್ಕೆ ಹದಿಮೂರೂವರೆ. ಓಡಿಗಿಂತ ಸ್ವಲ್ಪ ಜಾಸ್ತಿ, ಆದರೆ ಓಡಿ ಹೇಗೂ ತುಂಬಿದೆ. ಕೈಸಾಲಕ್ಕಿಂತ ಎಷ್ಟೋ ಅಗ್ಗ. ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಅಪ್ಪನಿಗೆ "ಒಂದು ರೂಪಾಯಿ ಹನ್ನೊಂದು ಪೈಸೆ ಬಡ್ಡಿ" ಅಂದೆ. ಪರ್ಸೆಂಟ್ ಭಾಷೆಯಲ್ಲಿ ಹೇಳಿದಾಗ ತಲೆ ಅಲ್ಲಾಡಿಸಿದವರು ಈ ಭಾಷೆಯಲ್ಲಿ ಹೇಳಿದ ತಕ್ಷಣ ನಿಂತು ಕೇಳಿದ್ರು.

ಗಿರಾಕಿಯ ಕಡೆಯಿಂದಲೂ ಇದನ್ನೇ ತಿರುಗಿಸಿ ನೋಡಬೇಕು. ಅವನಿಗೆ 70 ದಿನ ಪುಕ್ಕಟೆ ಸಾಲ ಸಿಗ್ತಾ ಇದೆ. ಅದನ್ನು ಬಿಟ್ಟುಕೊಟ್ಟರೆ ಅವನಿಗೆ ವರ್ಷಕ್ಕೆ ಹದಿಮೂರೂವರೆ ಸಿಕ್ಕಂತೆ. ಅವನ ಓಡಿ 10-11ಕ್ಕೆ ಸಿಗ್ತಿದ್ದು, ಅದರಲ್ಲಿ ಜಾಗವೂ ಇದ್ದರೆ, ಬ್ಯಾಂಕಿನಿಂದ ತೆಗೆದು ನಮಗೆ ಕೊಟ್ಟರೂ ಅವನಿಗೆ ಲಾಭವೇ. ಅವನೂ ನಮ್ಮ ಹಾಗೆ ಎರಡು ರೂಪಾಯಿ ಬಡ್ಡಿಯಲ್ಲಿ ಓಡ್ತಿದ್ದರೆ ನಮ್ಮ ಡಿಸ್ಕೌಂಟ್ ಮುಟ್ಟಲ್ಲ. 1 ಪರ್ಸೆಂಟ್ ಕೊಟ್ಟಿದ್ದರೆ ಯಾರೂ ತಿರುಗಿ ನೋಡ್ತಿರಲಿಲ್ಲ, 3 ಕೊಟ್ಟರೆ ನಾವು ಮುಳುಗ್ತಿದ್ವಿ. ಹಾಗಾಗಿ 2.

ಆಡಿಟರ್‌ಗೆ ಫೋನ್ ಮಾಡಿದಾಗ ಅವರು ಹೇಳಿದ್ದು ಒಂದೇ ವಿಷಯ. ಬಿಲ್ಲನ್ನು ಮುಟ್ಟಬೇಡಿ, ಅದರಲ್ಲಿರುವ ಜಿಎಸ್‌ಟಿ ಪೂರ್ತಿ ಕಟ್ಟಿ, ಗಿರಾಕಿಯೂ ಪೂರ್ತಿ ತೆರಿಗೆಯ ಕ್ರೆಡಿಟ್ ತಗೊಳ್ಳಲಿ. ಡಿಸ್ಕೌಂಟ್ ತೆರಿಗೆ ಬಿಟ್ಟು ಉಳಿದ ಮೊತ್ತದ ಮೇಲೆ ಮಾತ್ರ. ಅದಕ್ಕೊಂದು ಜಿಎಸ್‌ಟಿ ಇಲ್ಲದ ಕ್ರೆಡಿಟ್ ನೋಟ್ ಕೊಡಿ ಅಂತ. ಅಂದ್ರೆ 1 ಲಕ್ಷದ ಮಾಲಿಗೆ 18 ಸಾವಿರ ಜಿಎಸ್‌ಟಿ ಸೇರಿ 1,18,000ದ ಬಿಲ್ ಇದ್ದರೆ ಡಿಸ್ಕೌಂಟ್ 2,000, ಅದು 2,360 ಅಲ್ಲ. ಇದರಿಂದ ನಮಗೆ ಇನ್ನೂ ಸ್ವಲ್ಪ ಅನುಕೂಲ ಆಯ್ತು: 2,000 ಬಿಟ್ಟು 1,16,000 ಬೇಗ ಬರುತ್ತೆ. ಬಡ್ಡಿ ತಿಂಗಳಿಗೆ 94 ಪೈಸೆಗೆ ಇಳೀತು. ನಾನು ಎಕ್ಸೆಲ್ ಶೀಟಿನಲ್ಲಿ ಆ 94ಕ್ಕೆ ಹಸಿರು ಬಣ್ಣ ಕೊಟ್ಟೆ.

ಗಿರಾಕಿಗಳಿಗೆ ಕಳಿಸೋ ಕಾಗದವನ್ನು ನಾನು ಇಂಗ್ಲಿಷಿನಲ್ಲಿ ಬರೆದೆ. ಅಪ್ಪ "ಕನ್ನಡದಲ್ಲೂ ಹಾಕು, ನಮ್ಮ ಪಾರ್ಟಿಗಳಲ್ಲಿ ಅರ್ಧ ಜನ ಕನ್ನಡದವರು, ಮಾಲೀಕರೇ ಓದ್ತಾರೆ" ಅಂದ್ರು. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ ಓದಿದ ನನಗೆ ಆ ನಾಲ್ಕು ಸಾಲಿಗೆ ಒಂದು ಸಂಜೆ ಬೇಕಾಯ್ತು. ಕೊನೆಗೆ ಬರೆದ ಮುಖ್ಯ ಸಾಲು ಇದು: "ಬಿಲ್ ದಿನಾಂಕದಿಂದ 15 ದಿನದೊಳಗೆ ಹಣ ಕೊಟ್ಟರೆ 2% ರಿಯಾಯಿತಿ." ಚಿಕ್ಕದಾಗಿ, ನೀಟಾಗಿ ಇದೆ ಅನ್ನಿಸಿತು. ಫೆಬ್ರವರಿ 1ರಿಂದ ಆಗುವ ಬಿಲ್ಲುಗಳಿಗೆ ಅಂತ ಎಂಟೂ ಪಾರ್ಟಿಗಳಿಗೆ ಕಳಿಸಿದೆ.

ಪಂಪ್ ಅಂಕಲ್ ಬಿಲ್ ಆಗಿದ್ದು ಫೆಬ್ರವರಿ 11ಕ್ಕೆ. ಮಾಲು 2 ಲಕ್ಷ, ಜಿಎಸ್‌ಟಿ 36 ಸಾವಿರ. 15 ದಿನ ಅಂದ್ರೆ 26. ಅವರು 25ರ ಸಂಜೆ ತಮ್ಮ ಹುಡುಗನ ಕೈಲಿ 2,32,000ದ ಚೆಕ್ ಕಳಿಸಿದ್ರು, 4,000 ಡಿಸ್ಕೌಂಟ್ ಮುರಿದುಕೊಂಡು. 26 ಬುಧವಾರ ಶಿವರಾತ್ರಿ, ಬ್ಯಾಂಕ್ ರಜೆ. 27ಕ್ಕೆ ಚೆಕ್ ಹಾಕಿದ್ವಿ. ಖಾತೆಗೆ ಬಂದಿದ್ದು 28ಕ್ಕೆ.

ಕಾಲೇಜಿನಲ್ಲಿ ಲ್ಯಾಬ್ ಮುಗಿಸಿ ಬಸ್ಸಿನಲ್ಲಿ ಕೂತು ಬ್ಯಾಂಕಿನ ಮೆಸೇಜ್ ನೋಡಿದೆ. ನನ್ನ ಶೀಟಿನಲ್ಲಿ ಆ ಸಾಲು ಕೆಂಪಾಯ್ತು: 17 ದಿನ. ಅಪ್ಪನನ್ನು ಕೇಳದೆ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಕಳಿಸಿದೆ. ರಿಯಾಯಿತಿಯ ಅವಧಿ 26ಕ್ಕೆ ಮುಗಿದಿದೆ, ದಯವಿಟ್ಟು ಬಾಕಿ 4,000 ಕಳಿಸಿ ಅಂತ. ಕೊನೆಗೆ ಕೈಮುಗಿಯೋ ಇಮೋಜಿ ಬೇರೆ. ಹತ್ತು ನಿಮಿಷದಲ್ಲಿ ಯುಪಿಐಯಲ್ಲಿ 4,000 ಬಂತು. ಮಾತಿಲ್ಲ, ಏನಿಲ್ಲ. ವಸೂಲಿ ಅಂದ್ರೆ ಹೀಗೆ ಇರಬೇಕು ಅಂತ ನಾನು ಖುಷಿ ಪಟ್ಟೆ.

ಅಪ್ಪನಿಗೆ ಗೊತ್ತಾಗಿದ್ದು ಮಾರ್ಚ್ ಎರಡನೇ ವಾರ. ಮಾಲು ಕೊಡೋಕೆ ಹೋದಾಗ ಪ್ರತಿ ಸಲ ಟೀ ತರಿಸೋ ಅಂಕಲ್ ಅವತ್ತು ಒಳಗಿಂದ ಆಚೆ ಬರಲಿಲ್ಲವಂತೆ. ಮನೆಗೆ ಬಂದು ಅಪ್ಪ ನನ್ನ ಫೋನ್ ತಗೊಂಡು ಆ ಮೆಸೇಜ್ ಓದಿದ್ರು. ಬೈತಾರೆ ಅಂತ ಕಾದೆ. ಬೈಯಲಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಶಾಪ್ ಮುಚ್ಚಿದ್ದಾಗ, ಬೇಕಾಗೇ ಇರದ ಪಿನ್ನುಗಳಿಗೆ ಆರ್ಡರ್ ಬರೆದು ಅಡ್ವಾನ್ಸ್ ಕೊಟ್ಟಿದ್ದು ಇವರೇ, ಆ ತಿಂಗಳು ನಮ್ಮ ಹುಡುಗರಿಗೆ ಸಂಬಳ ಆಗಿದ್ದು ಅದರಲ್ಲೇ ಅಂದ್ರು. ನಾನಾಗ ಎಂಟನೇ ಕ್ಲಾಸಿನಲ್ಲಿ ಆನ್‌ಲೈನ್ ಪಾಠದ ಕ್ಯಾಮೆರಾ ಆಫ್ ಮಾಡಿ ಗೇಮ್ ಆಡ್ತಿದ್ದೆ. ಇದೆಲ್ಲ ಗೊತ್ತಾಗೋಕೆ ಟ್ಯಾಲಿಯಲ್ಲಿ ಕಾಲಮ್ ಇಲ್ಲ.

ಶನಿವಾರ ಇಬ್ಬರೂ ಹೋದ್ವಿ, 4,000ದ ಕ್ರೆಡಿಟ್ ನೋಟ್ ತಗೊಂಡು. ಅಂಕಲ್ ನನ್ನ ಕಾಗದವನ್ನು ಫೈಲಿಂದ ತೆಗೆದು ಮೇಜಿನ ಮೇಲಿಟ್ಟರು. "ಮರೀ, ಇದನ್ನ ಬರೆದಿದ್ದು ನೀನಾ?" ಅಂದ್ರು. ಹೌದು ಅಂಕಲ್ ಅಂದೆ. "ಇಲ್ಲಿ ‘ಹಣ ಕೊಟ್ಟರೆ’ ಅಂತಿದೆ. ನಾನು ಇಪ್ಪತ್ತೈದಕ್ಕೆ ಕೊಟ್ಟೆ. ನಿನಗೆ ಬೇಕಾಗಿದ್ದು ‘ಹಣ ಬಂದರೆ’ ಅಂತ. ಹಾಗೆ ಬರೆದಿದ್ರೆ ಇಪ್ಪತ್ತನಾಲ್ಕಕ್ಕೇ ಆರ್‌ಟಿಜಿಎಸ್ ಮಾಡ್ತಿದ್ದೆ. ನಾಲ್ಕು ಸಾವಿರ ನನಗೆ ದೊಡ್ಡದಲ್ಲ ಕಣೋ. ನಾನು ಸುಳ್ಳು ಲೆಕ್ಕ ಹೇಳ್ದೆ ಅಂತ ನೀನು ಬರೆದ ಹಾಗಿತ್ತು." ನನ್ನ ಕಿವಿ ಬಿಸಿಯಾಯ್ತು. ಕೊಟ್ಟರೆ, ಬಂದರೆ. ಒಂದು ಕ್ರಿಯಾಪದದಲ್ಲಿ ಮೂರು ದಿನ ಇತ್ತು. ಇಂಗ್ಲಿಷಿನಲ್ಲಿ ನಾನು ಬರೆದ ‘ಪೇಯ್ಡ್’ ಅನ್ನೋ ಪದದಲ್ಲೂ ಇದೇ ತೊಂದರೆ ಇತ್ತು ಅನ್ನೋದು ಆಮೇಲೆ ಗೊತ್ತಾಯ್ತು, ಆದರೆ ಅದನ್ನು ಯಾರೂ ಓದಿರಲೇ ಇಲ್ಲ.

ಅಲ್ಲಿಂದ ಬಂದ ಮೇಲೆ ಬೇರೆ ಸಾಲುಗಳನ್ನೂ ಅನುಮಾನದಿಂದ ನೋಡೋಕೆ ಶುರು ಮಾಡಿದೆ. ಹಸಿರು ಬಣ್ಣದಲ್ಲಿದ್ದ ಒಂದು ಸಾಲು ವಾಲ್ವ್ ಮಾಡುವ ಒಂದು ಪಾರ್ಟಿಯದು. ಫೆಬ್ರವರಿಯ ಅವರ 1.5 ಲಕ್ಷದ ಬಿಲ್ 14ನೇ ದಿನಕ್ಕೆ ಬಂದಿತ್ತು, 3,000 ಡಿಸ್ಕೌಂಟ್ ಸರಿಯಾಗಿ ಕೊಟ್ಟಿದ್ವಿ. ಮಾದರಿ ಗಿರಾಕಿ ಅಂದುಕೊಂಡಿದ್ದೆ. ಆದರೆ ಅವರ ಲೆಡ್ಜರ್ ತೆಗೆದು ನೋಡಿದರೆ ಒಟ್ಟು ಬಾಕಿ ಜನವರಿಯಲ್ಲಿ ಎಷ್ಟಿತ್ತೋ ಮಾರ್ಚ್‌ನಲ್ಲೂ ಅಷ್ಟೇ ಇದೆ! ಏನಾಗಿದೆ ಅಂದ್ರೆ, ಫೆಬ್ರವರಿ ಕೊನೆಯಲ್ಲಿ ಕೊಡಬೇಕಿದ್ದ ಡಿಸೆಂಬರ್ ಬಿಲ್ಲಿನ ದುಡ್ಡನ್ನು ಅವರು ಹೊಸ ಬಿಲ್ಲಿಗೆ ಕೊಟ್ಟು ಡಿಸ್ಕೌಂಟ್ ತಗೊಂಡಿದ್ದಾರೆ. ಡಿಸೆಂಬರ್ ಬಿಲ್ ಹಾಗೇ ಕೂತಿದೆ, ನೂರು ದಿನದ ಹತ್ತಿರ. ನಮಗೆ ಒಂದು ರೂಪಾಯಿಯೂ ಬೇಗ ಬಂದಿಲ್ಲ, 3,000 ಮಾತ್ರ ಹೋಗಿದೆ. ಅವರು ಮೋಸ ಮಾಡಿದ್ರು ಅಂತ ಹೇಳೋಕಾಗಲ್ಲ, ನನ್ನ ಕಾಗದದಲ್ಲಿ ಹಳೇ ಬಾಕಿಯ ಮಾತೇ ಇರಲಿಲ್ಲ. ಇದನ್ನು ಕಂಡುಹಿಡಿಯೋದು ಬಿಲ್ ನೋಡಿದರೆ ಆಗಲ್ಲ. ಬಿಲ್ ಬಿಲ್ಲಾಗಿ ನೋಡಿದರೆ ಎಲ್ಲ ಚೆನ್ನಾಗೇ ಕಾಣುತ್ತೆ. ಪಾರ್ಟಿಯ ಒಟ್ಟು ಬಾಕಿ ಇಳೀತಾ ಇಲ್ವಾ, ಅತೀ ಹಳೇ ಬಿಲ್ ಎಷ್ಟು ದಿನದ್ದು, ಇವೆರಡನ್ನು ನೋಡಬೇಕು.

ದೊಡ್ಡ ಕಂಪನಿಗೆ ಕಾಗದ ಕಳಿಸಿದ್ದೇ ನನ್ನ ತಪ್ಪು. ಅವರ ಹಣ ಯಾವಾಗ ಬಿಡುಗಡೆ ಆಗಬೇಕು ಅನ್ನೋದು ಅವರ ಸಿಸ್ಟಮ್‌ನಲ್ಲಿ ಮೊದಲೇ ಕೂತಿರುತ್ತೆ. ಪರ್ಚೇಸ್‌ನವರು ಹೇಳಿದರೂ ಅಕೌಂಟ್ಸ್‌ನವರು ಬದಲಾಯಿಸಲ್ಲ. ಫೆಬ್ರವರಿ ಬಿಲ್ಲನ್ನು ಎಂದಿನಂತೆ 88ನೇ ದಿನಕ್ಕೆ ಕೊಟ್ಟರು, ಆದರೆ 2 ಪರ್ಸೆಂಟ್ ಮಾತ್ರ ಮುರಿದುಕೊಂಡಿದ್ದರು. ಅದೂ ಜಿಎಸ್‌ಟಿ ಸೇರಿಸಿದ ಮೊತ್ತದ ಮೇಲೆ, 14,160! ಅದನ್ನು ವಾಪಸ್ ಪಡೆಯೋಕೆ ಅಪ್ಪ ಎರಡು ತಿಂಗಳು ಫೋನ್ ಮಾಡಿದ್ರು. ಕಾಗದ ಕಳಿಸದೇ ಇದ್ದಿದ್ದರೆ ಮುರಿಯೋಕೆ ನೆಪವೇ ಇರ್ತಿರಲಿಲ್ಲ.

ಮಾರ್ಚ್ ಕೊನೆಯ ಭಾನುವಾರ ಕೂತು ನಿಜವಾದ ಲೆಕ್ಕ ಹಾಕಿದೆ. ದೊಡ್ಡ ಕಂಪನಿಯನ್ನು ಬದಿಗಿಟ್ಟು, ಫೆಬ್ರವರಿ ಬಿಲ್ಲುಗಳಿಗೆ ನಾವು ಕೊಟ್ಟ ಡಿಸ್ಕೌಂಟ್ ಒಟ್ಟು 15,000. ಯಾರಿಗೆ ಹೋಯ್ತು? ಮಧ್ಯಮ ಪಾರ್ಟಿಗಳಲ್ಲಿ ನಿಜವಾಗಿ 70ರಿಂದ 15ಕ್ಕೆ ಬಂದವರು ಇಬ್ಬರು, ಅವರ ಬಿಲ್ 3 ಲಕ್ಷ, ಡಿಸ್ಕೌಂಟ್ 6,000. ವಾಲ್ವ್ ಪಾರ್ಟಿಗೆ 3,000, ಪ್ರಯೋಜನ ಸೊನ್ನೆ. ಪಂಪ್ ಅಂಕಲ್‌ಗೆ 4,000. ಅವರು 20 ದಿನಕ್ಕೆ ಕೊಡ್ತಿದ್ದವರು, 15ಕ್ಕೆ ಬಂದ್ರೆ ಐದೇ ದಿನದ ಲಾಭ. 12 ದಿನಕ್ಕೆ ಕೊಡ್ತಿದ್ದ ಚಿಕ್ಕ ಪಾರ್ಟಿಗೆ 2,000. ಅವರು ಏನೂ ಬದಲಾಯಿಸಲೇ ಬೇಕಿರಲಿಲ್ಲ. ಅಂದ್ರೆ 3.48 ಲಕ್ಷ ರೂಪಾಯಿಯನ್ನು 55 ದಿನ ಮೊದಲು ತರೋಕೆ ನಾವು ತೆತ್ತಿದ್ದು 6,000 ಅಲ್ಲ, 15,000. ತಿಂಗಳಿಗೆ ಎರಡು ರೂಪಾಯಿ ಮೂವತ್ತೈದು ಪೈಸೆ ಬಡ್ಡಿ. ಹಸಿರು ಬಣ್ಣದ 94 ಪೈಸೆ ಎಲ್ಲಿ, ಇದೆಲ್ಲಿ? ಕೈಸಾಲವೇ ಅಗ್ಗವಾಗಿತ್ತು.

94 ಪೈಸೆ ಸುಳ್ಳಾಗಿರಲಿಲ್ಲ. ಅದು ನಿಧಾನವಾಗಿ ಕೊಡ್ತಿದ್ದು ಬೇಗ ಕೊಡೋಕೆ ಬದಲಾದ ಒಬ್ಬ ಗಿರಾಕಿಯ ಲೆಕ್ಕ. ಮೊದಲೇ ಬೇಗ ಕೊಡ್ತಿದ್ದವರಿಗೂ ಅದೇ ಡಿಸ್ಕೌಂಟ್ ಹೋಗುತ್ತೆ, ಆ ಖರ್ಚನ್ನೂ ಬದಲಾದವರ ತಲೆ ಮೇಲೆ ಹಾಕಿ ಭಾಗಿಸಬೇಕು ಅನ್ನೋದು ನಾನು ನೋಡಿದ ಪಾಠದಲ್ಲಿ ಇರಲಿಲ್ಲ.

ನಾನು ಕೂಡಲೇ ಹೇಳಿದೆ: ಪಂಪ್ ಅಂಕಲ್‌ಗೂ ಆ ಚಿಕ್ಕ ಪಾರ್ಟಿಗೂ ನಿಲ್ಲಿಸೋಣ, ಲೇಟ್ ಮಾಡೋರಿಗೆ ಮಾತ್ರ ಕೊಡೋಣ. ಲೆಕ್ಕದಲ್ಲಿ ಇದು ನೂರಕ್ಕೆ ನೂರು ಸರಿ. ಅಪ್ಪ ಸುಮ್ಮನೆ ನನ್ನ ಮುಖ ನೋಡಿ, "ಅಂದ್ರೆ ಇಪ್ಪತ್ತು ವರ್ಷದಿಂದ ಸರಿಯಾಗಿ ಕೊಟ್ಟವನಿಗೆ ಸೊನ್ನೆ, ಸತಾಯಿಸಿದವನಿಗೆ ಬಹುಮಾನ. ಅವರಿಬ್ಬರೂ ಮಾತಾಡಿಕೊಳ್ಳಲ್ಲ ಅಂದುಕೊಂಡಿದ್ದೀಯಾ? ಪೀಣ್ಯ ಎಷ್ಟು ದೊಡ್ಡದಿದೆ?" ಅಂದ್ರು. ಆಮೇಲೆ, ಒಳ್ಳೆ ಪಾರ್ಟಿ ನಾಳೆಯಿಂದ 70 ದಿನ ಮಾಡಿದ್ರೆ ಡಿಸ್ಕೌಂಟ್ ಸಿಗುತ್ತೆ ಅಂತ ನಾವೇ ಹೇಳಿಕೊಟ್ಟ ಹಾಗಾಗುತ್ತೆ ಅಂತಲೂ ಸೇರಿಸಿದ್ರು. ಅದಕ್ಕೆ ನನ್ನ ಹತ್ತಿರ ಫಾರ್ಮುಲಾ ಇರಲಿಲ್ಲ. ಆ 6,000ವನ್ನು ಬಡ್ಡಿ ಅಂತ ಬರೀಬೇಡ ಅಂದ್ರು. ನಾನು ಈಗಲೂ ಬರೀತೀನಿ, ಬೇರೆ ಕಾಲಮ್‌ನಲ್ಲಿ.

ಹಾಗಾಗಿ ಉಳಿದಿದ್ದು ಷರತ್ತುಗಳನ್ನು ಬಿಗಿ ಮಾಡೋದು. ಏಪ್ರಿಲ್‌ನಿಂದ ದೊಡ್ಡ ಕಂಪನಿಯನ್ನು ಪಟ್ಟಿಯಿಂದ ತೆಗೆದ್ವಿ. ಉಳಿದವರಿಗೆ ಕಾಗದ ಕಳಿಸೋದರ ಜೊತೆಗೆ ಪ್ರತಿ ಬಿಲ್ಲಿನ ಕೆಳಗೂ ಷರತ್ತು ಅಚ್ಚಾಗುವ ಹಾಗೆ ಮಾಡಿದ್ವಿ. ಈ ಸಲ ಬರೆದಿದ್ದನ್ನು ಅಪ್ಪನಿಗೆ ಓದಿ ಹೇಳಿ, ನಮ್ಮ ಸೂಪರ್‌ವೈಸರ್‌ಗೂ ಓದಿ ಹೇಳಿ, ಯಾರಾದ್ರೂ ಬೇರೆ ಅರ್ಥ ಮಾಡಿಕೊಳ್ತಾರಾ ಅಂತ ನೋಡಿದೆ. ಏಪ್ರಿಲ್ 8ರ ಒಂದು ಬಿಲ್ಲಿನಲ್ಲಿ ಇದ್ದಿದ್ದು ಹೀಗೆ:

"ಈ ಬಿಲ್ಲಿನ ಪೂರ್ತಿ ಹಣ 2025 ಏಪ್ರಿಲ್ 23ರ ಒಳಗೆ ನಮ್ಮ ಖಾತೆಗೆ ಜಮಾ ಆದರೆ, ಜಿಎಸ್‌ಟಿ ಬಿಟ್ಟು ಉಳಿದ ಮೊತ್ತದ ಮೇಲೆ 2% ರಿಯಾಯಿತಿ. ಚೆಕ್ ಆದರೆ ಅದು ನಮ್ಮ ಕೈ ಸೇರಿದ ದಿನವೇ ಲೆಕ್ಕಕ್ಕೆ, ಚೆಕ್ ಪಾಸಾಗಬೇಕು. ಕೊನೆಯ ದಿನ ಬ್ಯಾಂಕ್ ರಜೆ ಇದ್ದರೆ ಮುಂದಿನ ಕೆಲಸದ ದಿನದವರೆಗೆ ಅವಕಾಶ. ಆ ಹೊತ್ತಿಗೆ 45 ದಿನ ದಾಟಿದ ಹಳೆಯ ಬಿಲ್ ಬಾಕಿ ಇದ್ದರೆ ರಿಯಾಯಿತಿ ಇಲ್ಲ. ರಿಯಾಯಿತಿಯನ್ನು ಮುರಿದುಕೊಳ್ಳದೆ ಪೂರ್ತಿ ಕಳಿಸಿ. ನಾವು ಕ್ರೆಡಿಟ್ ನೋಟ್ ಕೊಟ್ಟು ಮುಂದಿನ ಬಿಲ್ಲಿನಲ್ಲಿ ಕಳೆಯುತ್ತೇವೆ. ಈ ಏರ್ಪಾಡು 2025 ಜೂನ್ 30ರವರೆಗಿನ ಬಿಲ್ಲುಗಳಿಗೆ ಮಾತ್ರ."

"15 ದಿನದೊಳಗೆ" ಅನ್ನೋದು ಹೋಗಿ ತಾರೀಕು ಬಂತು. ಬಿಲ್ ದಿನ ಸೇರಿಸಿ ಎಣಿಸಬೇಕಾ, ಬಿಟ್ಟು ಎಣಿಸಬೇಕಾ, ಬಿಲ್ ದಿನದಿಂದಲಾ, ಮಾಲು ಸೇರಿದ ದಿನದಿಂದಲಾ ಅನ್ನೋ ವಾದಗಳೆಲ್ಲ ಅಲ್ಲೇ ಮುಗಿದವು. ಮೊದಲು ಪೂರ್ತಿ, ಆಮೇಲೆ ಕ್ರೆಡಿಟ್ ನೋಟ್ ಅಂತ ಮಾಡಿದ್ದಕ್ಕೆ ಒಬ್ಬರು ಗೊಣಗಿದ್ರು, ಆದರೆ ತಪ್ಪಾಗಿ ಮುರಿದ ದುಡ್ಡನ್ನು ಬೆನ್ನಟ್ಟೋದು ತಪ್ಪಿತು. ಹಳೇ ಬಾಕಿಯ ಸಾಲನ್ನು ವಾಲ್ವ್ ಪಾರ್ಟಿಗೆ ಫೋನ್ ಮಾಡಿ ಅಪ್ಪನೇ ಓದಿ ಹೇಳಿದ್ರು. ಅವರು ಒಂದು ವಾರ ಏನೂ ಮಾಡಲಿಲ್ಲ, ಆಮೇಲೆ ಹಳೇ ಬಿಲ್ಲುಗಳನ್ನು ಮೂರು ಕಂತಿನಲ್ಲಿ ತೀರಿಸಿ ಮೇ ತಿಂಗಳಿನಿಂದ 15 ದಿನಕ್ಕೇ ಬಂದ್ರು. ಈಗ ಬೇಗ ಬರೋದು 3 ಲಕ್ಷದ ಬದಲು 4.5 ಲಕ್ಷದ ಬಿಲ್ಲು. ಡಿಸ್ಕೌಂಟ್ ಮಾತ್ರ ಅದೇ 15,000. ಬಡ್ಡಿ ತಿಂಗಳಿಗೆ ಒಂದು ರೂಪಾಯಿ ಐವತ್ತೇಳು ಪೈಸೆ. ಕೈಸಾಲಕ್ಕಿಂತ ಕೆಳಗೆ ಬಂತು, ಓಡಿಗಿಂತ ಇನ್ನೂ ಮೇಲೇ ಇದೆ.

ಮಧ್ಯಮ ಪಾರ್ಟಿಗಳಲ್ಲಿ ಇಬ್ಬರು ಡಿಸ್ಕೌಂಟ್ ಮುಟ್ಟಲೇ ಇಲ್ಲ. ಒಬ್ಬರಿಗೆ ಆಸಕ್ತಿ ಇರಲಿಲ್ಲ. ಇನ್ನೊಬ್ಬರು ಪ್ರತಿ ಸಲ "ಮುಂದಿನ ತಿಂಗಳಿಂದ ಖಂಡಿತ" ಅಂತಿದ್ರು. ವರ್ಷಕ್ಕೆ ಹನ್ನೊಂದು ಪರ್ಸೆಂಟ್ ಸಿಗೋದನ್ನು ಆಸೆ ಇದ್ದೂ ತಗೊಳ್ಳೋಕೆ ಆಗ್ತಿಲ್ಲ ಅಂದ್ರೆ ಅವರ ಕೈಯಲ್ಲಿ ದುಡ್ಡಿಲ್ಲ ಅಂತ ಅರ್ಥ. ಅಪ್ಪ ಅವರಿಗೆ ಕೊಡೋ ಮಾಲಿನ ಪ್ರಮಾಣ ಕಡಿಮೆ ಮಾಡಿದ್ರು. ಡಿಸ್ಕೌಂಟ್ ಕೊಟ್ಟು ನಾವು ಪಡೆದ ಮಾಹಿತಿ ಇದು, ಇದಕ್ಕೆ ಖರ್ಚೇ ಆಗಲಿಲ್ಲ.

ಜೂನ್ 30 ಹತ್ತಿರ ಬಂದಾಗ ಇನ್ನೊಂದು ಪ್ರಶ್ನೆ ಎದ್ದಿತು. ನಿಲ್ಲಿಸೋಣವಾ? ದುಡ್ಡು ಮುಂದಕ್ಕೆ ಬರೋದು ಒಂದೇ ಸಲ. 70 ದಿನದವರು 15ಕ್ಕೆ ಬಂದಾಗ ಆ ಎರಡು ತಿಂಗಳು ಬ್ಯಾಂಕಿಗೆ ಎರಡೆರಡು ಬಿಲ್ಲಿನ ದುಡ್ಡು ಬಂದಂತೆ ಆಗುತ್ತೆ, ಹಬ್ಬದ ಹಾಗೆ. ಅದರಲ್ಲೇ ನಾವು ಕೈಸಾಲ ಪೂರ್ತಿ ತೀರಿಸಿದ್ವಿ. ಆಮೇಲೆ ತಿಂಗಳಿಗೆ ಒಂದೇ ಬಿಲ್ಲಿನ ದುಡ್ಡು, ಡಿಸ್ಕೌಂಟ್ ಮಾತ್ರ ಪ್ರತಿ ತಿಂಗಳೂ ಹೋಗ್ತಾನೇ ಇರುತ್ತೆ. ನಿಲ್ಲಿಸಿದ ದಿನ ಎಲ್ಲರೂ ಮತ್ತೆ 70ಕ್ಕೆ ಹೋದರೆ ಅದೇ ಹಬ್ಬ ಉಲ್ಟಾ ಆಗುತ್ತೆ: ಎರಡು ತಿಂಗಳು ಆ ಪಾರ್ಟಿಗಳಿಂದ ಏನೂ ಬರಲ್ಲ. ಇದನ್ನು ಮೊದಲೇ ಯೋಚಿಸಿದ್ದರೆ ಶುರು ಮಾಡ್ತಿದ್ದೆವಾ ಅಂತ ಅಪ್ಪನನ್ನು ಕೇಳಿದೆ. "ಜನವರಿ 7ಕ್ಕೆ ಯಾರು ಯೋಚನೆ ಮಾಡ್ತಾರೆ" ಅಂದ್ರು. ಕೊನೆಗೆ ಸೆಪ್ಟೆಂಬರ್ 30ರವರೆಗೆ ಅಂತ ಬದಲಾಯಿಸಿ, 2ರ ಬದಲು ಒಂದೂವರೆ ಪರ್ಸೆಂಟ್ ಮಾಡಿದ್ವಿ. ಮೂವರಲ್ಲಿ ಯಾರೂ ಬಿಟ್ಟು ಹೋಗಲಿಲ್ಲ.

ಪಂಪ್ ಅಂಕಲ್ ಈಗಲೂ 20 ದಿನಕ್ಕೇ ಕೊಡ್ತಾರೆ. ಆ ಶನಿವಾರದ ನಂತರ ಅವರು ಡಿಸ್ಕೌಂಟ್ ತಗೊಂಡಿಲ್ಲ, ಬೇಡ ಅಂತ ಹೇಳೂ ಇಲ್ಲ. ಅಪ್ಪ ಪ್ರತಿ ತಿಂಗಳು ಅವರ ಹೆಸರಿಗೆ ಕ್ರೆಡಿಟ್ ನೋಟ್ ಹಾಕಿಸ್ತಾರೆ, ದಿನ ದಾಟಿದ್ದರೂ. ನನ್ನ ಶೀಟಿನಲ್ಲಿ ಆ ಸಾಲಿಗೆ ಬಣ್ಣ ಕೊಡೋದು ಬಿಟ್ಟಿದ್ದೀನಿ. ಹೋದ ತಿಂಗಳು ಕ್ರೆಡಿಟ್ ನೋಟ್ ಕೊಡೋಕೆ ನಾನೇ ಹೋಗಿದ್ದೆ. ಟೀ ತರಿಸಿದ್ರು.